ಕಂಪನಿ ಪೀಸೋ, ಜೋಡಿಸಿದ್ದೋ: ಸಾರವಾಡದಲ್ಲಿ ಕೂತು ಹಾಕಿದ ಲೆಕ್ಕ

ಡೆಸ್ಕ್‌ಟಾಪ್ ಕೊಳ್ಳಲು ಹೊರಟವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಅಲ್ಲಿ ಒಂದು ಬಿಡಿಭಾಗ ಕೆಟ್ಟರೆ ನಾಲ್ಕು ಅಂಗಡಿ ಆಚೆಗೆ ಇನ್ನೊಂದು ಸಿಗುತ್ತದೆ, ಕಂಪನಿಯ ಸರ್ವಿಸ್ ಸೆಂಟರ್ ಅದೇ ಊರಿನಲ್ಲಿರುತ್ತದೆ. ಸಾರವಾಡದಂಥ ಊರಿನಿಂದ ನೋಡಿದರೆ ಇದೇ ಪ್ರಶ್ನೆಯ ಮುಖ ಬೇರೆ. ಬಬಲೇಶ್ವರ ತಾಲೂಕಿನ ಈ ಊರಿನಿಂದ ಹತ್ತಿರದ ಕಂಪ್ಯೂಟರ್ ಪೇಟೆಯೆಂದರೆ ವಿಜಯಪುರ. ಅಲ್ಲಿ ಸಿಗದ್ದಕ್ಕೆ ಸೊಲ್ಲಾಪುರ ಅಥವಾ ಹುಬ್ಬಳ್ಳಿ. ಎಸ್.ಪಿ. ರಸ್ತೆ ಐನೂರು ಕಿಲೋಮೀಟರಿಗಿಂತ ಆಚೆ. ಹೀಗಿರುವಾಗ ಬೆಲೆಯಲ್ಲಿ ಮೂರು ಸಾವಿರ ಉಳಿಯಿತೋ ಇಲ್ಲವೋ ಎಂಬುದಕ್ಕಿಂತ, ಯಂತ್ರ ಕೆಟ್ಟು ನಿಂತ ದಿನ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಾರವಾಡದಲ್ಲಿ ಒಬ್ಬ ತರುಣ ಝೆರಾಕ್ಸ್ ಮತ್ತು ಆನ್‌ಲೈನ್ ಸೇವೆಯ ಸಣ್ಣ ಅಂಗಡಿ ಇಡುತ್ತಾನೆ ಎಂದುಕೊಳ್ಳಿ. ಪಹಣಿ ತೆಗೆಯುವುದು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವುದು, ವಿದ್ಯಾರ್ಥಿ ವೇತನದ ಅರ್ಜಿ ತುಂಬುವುದು, ನುಡಿಯಲ್ಲಿ ಮನವಿ ಪತ್ರ ಟೈಪ್ ಮಾಡಿಕೊಡುವುದು, ಆಗಾಗ ಒಂದು ಮದುವೆ ಪತ್ರಿಕೆ ಅಥವಾ ಜಾತ್ರೆಯ ಬ್ಯಾನರ್. ಬೆರಳಚ್ಚು ಓದುವ ಯಂತ್ರ, ಪ್ರಿಂಟರ್, ಸ್ಕ್ಯಾನರ್ ಎಲ್ಲವೂ ಜೋಡಣೆಯಾಗಬೇಕು. ಈ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕು. ಬೆರಳಚ್ಚು ಯಂತ್ರದ ಡ್ರೈವರ್, ನುಡಿ, ಕೋರೆಲ್‌ಡ್ರಾ ಎಲ್ಲವೂ ವಿಂಡೋಸ್ ಮೇಲೆ ನಿಂತಿರುವುದರಿಂದ ಲಿನಕ್ಸ್ ಹಾಕಿ ದುಡ್ಡು ಉಳಿಸುವ ದಾರಿ ಈ ಅಂಗಡಿಗೆ ಇಲ್ಲ. ಪ್ರೊಸೆಸರ್ ತೀರಾ ದೊಡ್ಡದು ಬೇಡ. 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ಆರೇಳು ವರ್ಷ ಚೆನ್ನಾಗಿ ನಡೆಯುತ್ತದೆ.

ಮೊದಲು ಬೆಲೆ. 2025ರ ಮಧ್ಯದ ಪೇಟೆಯ ಒರಟು ಲೆಕ್ಕ ಹೀಗಿತ್ತು: ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ ಪ್ರೊಸೆಸರಿಗೆ ಹನ್ನೊಂದು ಸಾವಿರದ ಆಸುಪಾಸು, ಮದರ್‌ಬೋರ್ಡಿಗೆ ಐದು, ರ್‍ಯಾಮ್ ಮತ್ತು ಎಸ್‌ಎಸ್‌ಡಿ ಸೇರಿ ಏಳು, ಒಳ್ಳೆಯ ಎಸ್‌ಎಂಪಿಎಸ್‌ಗೆ ಮೂರು, ಕ್ಯಾಬಿನೆಟ್‌ಗೆ ಎರಡು. ಅಲ್ಲಿಗೆ ಡಬ್ಬಿ ಇಪ್ಪತ್ತೆಂಟು ಸಾವಿರ. 22 ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್ ಸೇರಿದರೆ ಮೂವತ್ತಾರು. ಇದೇ ಮಟ್ಟದ ಕಂಪನಿ ಡೆಸ್ಕ್‌ಟಾಪ್ ಮಾನಿಟರ್ ಸಮೇತ ನಲವತ್ತೈದರಿಂದ ಐವತ್ತು ಸಾವಿರದ ನಡುವೆ ಸಿಗುತ್ತಿತ್ತು, ಅದೂ ಹಲವು ಸಲ ಬರೀ 8 ಜಿಬಿ ರ್‍ಯಾಮ್ ಇಟ್ಟುಕೊಂಡು. ಅಂಗಡಿಯವರು ತೋರಿಸುವ ಹತ್ತು ಸಾವಿರದ ಉಳಿತಾಯ ಇದೇ.

ಆದರೆ ಈ ಲೆಕ್ಕದಲ್ಲಿ ವಿಂಡೋಸ್ ಬಂದಿಲ್ಲ. ಅಸಲಿ ಪರವಾನಗಿ ಕೊಂಡರೆ ಅದೊಂದಕ್ಕೇ ಹತ್ತು ಸಾವಿರದ ಹತ್ತಿರ ಹೋಗುತ್ತದೆ, ಉಳಿತಾಯ ಅಲ್ಲಿಗೆ ಮುಗಿಯಿತು. ಜೋಡಿಸಿದ ಕಂಪ್ಯೂಟರ್ ಅಗ್ಗವಾಗಿ ಕಾಣುವುದಕ್ಕೆ ನಮ್ಮ ಕಡೆ ಇರುವ ಮುಖ್ಯ ಕಾರಣ ಕಳ್ಳ ವಿಂಡೋಸ್. ಇದನ್ನು ಬಾಯಿಬಿಟ್ಟು ಹೇಳಲೇಬೇಕು. ‘ಆಕ್ಟಿವೇಟರ್’ ಎಂದು ಹಾಕಿಕೊಡುವ ಪ್ರೋಗ್ರಾಂ ಕೆಲಸ ಮಾಡಬೇಕಾದರೆ ಆಂಟಿವೈರಸ್ ಬಂದ್ ಮಾಡಬೇಕಾಗುತ್ತದೆ. ಹಾಗೆ ಬಾಗಿಲು ತೆರೆದಿಟ್ಟ ಯಂತ್ರದಲ್ಲೇ ಊರಿನವರ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಬೆರಳಚ್ಚು ಹಾದುಹೋಗುತ್ತವೆ. ಬೇರೆಯವರ ದಾಖಲೆ ಮುಟ್ಟುವ ಅಂಗಡಿಯಲ್ಲಿ ಇದು ಕೂಡದು. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುವ ಕೀ ಕೂಡ ಪರವಾನಗಿಯಲ್ಲ. ಆಕ್ಟಿವೇಟ್ ಆಗುವುದೇ ಬೇರೆ, ಹಕ್ಕು ಇರುವುದೇ ಬೇರೆ.

ಕಂಪನಿ ಪೀಸ್‌ನಲ್ಲಿ ವಿಂಡೋಸ್‌ನ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಕೂತಿರುತ್ತದೆ. ವಿಂಡೋಸ್ 8ರ ಕಾಲದಿಂದಲೂ ಹೀಗೇ ನಡೆದುಬಂದಿದೆ. ಡಬ್ಬಿ ಬಿಚ್ಚಿದ ಮೇಲೆ ಪವರ್‌ಶೆಲ್ ತೆರೆದು ಇವೆರಡು ಸಾಲು ಕೊಟ್ಟು ನೋಡಬಹುದು:

```
(Get-CimInstance Win32_BIOS).SerialNumber
(Get-CimInstance SoftwareLicensingService).OA3xOriginalProductKey
```

ಮೊದಲ ಸಾಲಿಗೆ ಬರುವ ಸಂಖ್ಯೆ ಕ್ಯಾಬಿನೆಟ್ಟಿನ ಹಿಂದಿನ ಚೀಟಿಯ ಸಂಖ್ಯೆಗೆ ತಾಳೆಯಾಗಬೇಕು. ಎರಡನೆಯದಕ್ಕೆ ಏನೂ ಬಾರದಿದ್ದರೆ ಯಂತ್ರ ವಿಂಡೋಸ್ ಇಲ್ಲದೆ ಬಂದದ್ದು, ಈಗ ಕಾಣುತ್ತಿರುವ ವಿಂಡೋಸ್ ಅನ್ನು ಅಂಗಡಿಯವರು ಆಮೇಲೆ ಹಾಕಿರಬಹುದು. ಅದರ ಬಿಲ್ ಕೇಳಿ. ಕಂಪನಿ ಡೆಸ್ಕ್‌ಟಾಪ್‌ಗಳೂ ವಿಂಡೋಸ್ ಇಲ್ಲದೆ, ಬರೀ ಡಾಸ್ ಅಥವಾ ಉಬುಂಟು ಹಾಕಿ ಮಾರಾಟವಾಗುತ್ತವೆ. ಬೆಲೆ ತೀರಾ ಕಡಿಮೆ ಕಂಡಾಗ ಮೊದಲು ನೋಡಬೇಕಾದದ್ದು ಇದನ್ನೇ.

ಬೆಲೆಯ ಬಗ್ಗೆ ಇನ್ನೊಂದೇ ಮಾತು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ವಿಪರೀತ ಏರಿತು. ದೊಡ್ಡ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ್ದರಿಂದ ಬಿಡಿ ಮಾರಾಟಕ್ಕೆ ಬರುವುದು ಕಡಿಮೆಯಾಯಿತು. ಕ್ರೂಶಿಯಲ್ ಹೆಸರಿನಲ್ಲಿ ಬಿಡಿ ರ್‍ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರಿನಲ್ಲಿ ಹೇಳಿತು. ಇಂಥ ಏರಿಕೆ ಬಿಡಿಭಾಗದ ಪೇಟೆಗೆ ಮೊದಲು ತಟ್ಟುತ್ತದೆ. ದೊಡ್ಡ ಕಂಪನಿಗಳು ಮುಂಚಿತವಾಗಿ ಒಪ್ಪಂದದ ಮೇಲೆ ಕೊಳ್ಳುವುದರಿಂದ ಅವರ ಬೆಲೆ ಸ್ವಲ್ಪ ತಡವಾಗಿ ಏರುತ್ತದೆ. ಆದ್ದರಿಂದ ಹೋದ ವರ್ಷ ಗೆಳೆಯ ಕೊಂಡ ಬೆಲೆಯನ್ನು ನಂಬಿ ಹೊರಡಬಾರದು. ಎರಡೂ ಕಡೆಯ ಬೆಲೆಯನ್ನು ಒಂದೇ ವಾರದಲ್ಲಿ, ಬರೆಸಿಕೊಂಡು ಹೋಲಿಸಬೇಕು.

ಇನ್ನು ವಾರಂಟಿ. ಕಾಗದದ ಮೇಲೆ ನೋಡಿದರೆ ಜೋಡಿಸಿದ್ದೇ ಮುಂದಿದೆ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ 3 ವರ್ಷ, ಹೆಸರಾಂತ ಮದರ್‌ಬೋರ್ಡುಗಳಿಗೆ 3 ವರ್ಷ, ಎಸ್‌ಎಸ್‌ಡಿಗೆ 3ರಿಂದ 5 ವರ್ಷ, ಎಸ್‌ಎಂಪಿಎಸ್‌ಗೆ ಮಾದರಿಗೆ ತಕ್ಕಂತೆ 3 ಅಥವಾ 5 ವರ್ಷ, ರ್‍ಯಾಮ್‌ಗೆ ಅದಕ್ಕೂ ಹೆಚ್ಚು. ಮನೆಬಳಕೆಯ ಕಂಪನಿ ಡೆಸ್ಕ್‌ಟಾಪಿಗೆ ಹೆಚ್ಚಾಗಿ ಒಂದೇ ವರ್ಷ. ಆದರೆ ಈ ವರ್ಷಗಳು ಒಂದೇ ಜಾತಿಯವಲ್ಲ. ಜೋಡಿಸಿದ ಯಂತ್ರದಲ್ಲಿ ಆರು ಕಂಪನಿಗಳ ಆರು ವಾರಂಟಿ ಇವೆ. ಯಾವ ಭಾಗ ಕೆಟ್ಟಿದೆ ಎಂದು ಮೊದಲು ನಾವು ಕಂಡುಹಿಡಿಯಬೇಕು, ಆಮೇಲೆ ಆ ಭಾಗವನ್ನು ಬಿಚ್ಚಿ ಅದರ ಸರ್ವಿಸ್ ಕೇಂದ್ರಕ್ಕೆ ಮುಟ್ಟಿಸಬೇಕು.

ಈ ‘ಕಂಡುಹಿಡಿಯುವುದು’ ಎಂಬಲ್ಲಿಯೇ ಹಳ್ಳಿಯವನಿಗೆ ನಿಜವಾದ ತೊಡಕು. ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಕಾರಣ ರ್‍ಯಾಮ್ ಇರಬಹುದು, ಎಸ್‌ಎಂಪಿಎಸ್ ಇರಬಹುದು, ಮದರ್‌ಬೋರ್ಡ್ ಇರಬಹುದು, ಬಹಳ ಅಪರೂಪಕ್ಕೆ ಪ್ರೊಸೆಸರ್. ರ್‍ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಒರೆಸಿ, ಒಂದೊಂದೇ ಪಟ್ಟಿಯನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡುವುದು ಮೊದಲ ಕೆಲಸ. ಎಷ್ಟೋ ದೂರು ಅಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ಮುಂದಿನ ಪ್ರತಿ ಹೆಜ್ಜೆಗೂ ಇನ್ನೊಂದು ಚೆನ್ನಾಗಿರುವ ಭಾಗ ಕೈಯಲ್ಲಿರಬೇಕು: ಬೇರೆ ಎಸ್‌ಎಂಪಿಎಸ್ ಹಾಕಿ ನೋಡಬೇಕು, ಬೇರೆ ಬೋರ್ಡ್ ಹಾಕಿ ನೋಡಬೇಕು. ಮನೆಯಲ್ಲಿ ಅವು ಯಾರ ಬಳಿಯೂ ಇರುವುದಿಲ್ಲ. ಆಗ ಕ್ಯಾಬಿನೆಟ್ಟನ್ನು ಬಸ್ಸಿಗೋ ಬೈಕಿಗೋ ಹೇರಿಕೊಂಡು ವಿಜಯಪುರಕ್ಕೆ ಹೋಗಲೇಬೇಕು. ಡೋಣಿ ತುಂಬಿ ಹರಿಯುವ ದಿನಗಳಲ್ಲಿ ಅದೂ ಸುಲಭವಲ್ಲ. ಅಂಗಡಿಯಲ್ಲಿ ದೋಷ ಸಿಕ್ಕ ಮೇಲೆ ಕೆಟ್ಟ ಬೋರ್ಡು ಅವರ ವಿತರಕರ ಮೂಲಕ ದೊಡ್ಡ ಊರಿಗೆ ಹೋಗಿ ಬದಲಾಗಿ ಬರಲು ಎರಡು ಮೂರು ವಾರ ಹಿಡಿದರೆ ಆಶ್ಚರ್ಯವಿಲ್ಲ. ವಾರಂಟಿ ಇದೆ, ಆದರೆ ಅಂಗಡಿ ಮುಚ್ಚಿದೆ.

ಇದಕ್ಕೆ ಎದುರಾಗಿ, ಕಚೇರಿ ಬಳಕೆಯ ಸಾಲಿನ ಕಂಪನಿ ಡೆಸ್ಕ್‌ಟಾಪ್ ತೆಗೆದುಕೊಳ್ಳಿ. ಡೆಲ್‌ನ ಆಪ್ಟಿಪ್ಲೆಕ್ಸ್ (ಈಗ ಡೆಲ್ ಪ್ರೊ), ಎಚ್‌ಪಿಯ ಪ್ರೊ ಟವರ್, ಲೆನೊವೊದ ಥಿಂಕ್‌ಸೆಂಟರ್, ಏಸರ್‌ನ ವೆರಿಟಾನ್ ಈ ಜಾತಿಯವು. ಇವುಗಳಲ್ಲಿ 3 ವರ್ಷದ ಆನ್‌ಸೈಟ್ ವಾರಂಟಿ ಇರುವ ಮಾದರಿಗಳು ಸಿಗುತ್ತವೆ, ಒಂದೇ ವರ್ಷದ್ದಿದ್ದರೆ ಅದು ಮುಗಿಯುವ ಮೊದಲು ಹಣ ಕಟ್ಟಿ ಹೆಚ್ಚಿಸಿಕೊಳ್ಳಬಹುದು. ಕೆಟ್ಟಾಗ ಫೋನ್ ಮಾಡಿ ಚೀಟಿಯ ಸಂಖ್ಯೆ ಹೇಳಿದರೆ ಅವರು ಮೊದಲು ಫೋನಿನಲ್ಲೇ ಕೆಲವು ಪರೀಕ್ಷೆ ಮಾಡಿಸುತ್ತಾರೆ. ಪವರ್ ಬಟನ್ನಿನ ದೀಪ ಎಷ್ಟು ಸಲ ಯಾವ ಬಣ್ಣದಲ್ಲಿ ಮಿನುಗುತ್ತಿದೆ ಎಂದು ಕೇಳುತ್ತಾರೆ. ಆ ಮಿನುಗು ಸುಮ್ಮನೆ ಅಲ್ಲ, ರ್‍ಯಾಮ್‌ಗೆ ಒಂದು ಲೆಕ್ಕ, ಬೋರ್ಡಿಗೆ ಇನ್ನೊಂದು ಲೆಕ್ಕ. ಅದರ ಮೇಲೆ ಭಾಗ ಕಳಿಸಿ ಇಂಜಿನಿಯರನ್ನು ಕಳಿಸುತ್ತಾರೆ. ದೋಷ ಹುಡುಕುವ ಹೊರೆ ಅವರದಾಯಿತು. ಕೊಟ್ಟ ಹೆಚ್ಚಿನ ಹಣದಲ್ಲಿ ನಾವು ನಿಜವಾಗಿ ಕೊಂಡದ್ದು ಇದನ್ನೇ.

ಆದರೆ ‘ಆನ್‌ಸೈಟ್’ ಎಂಬುದು ಪಿನ್‌ಕೋಡಿಗೆ ಕಟ್ಟುಬಿದ್ದ ಮಾತು. ವಿಜಯಪುರ ನಗರದ 586101ಕ್ಕೆ ಮರುದಿನ ಬರುವವರು ತಾಲೂಕಿನ ಹಳ್ಳಿಗೆ ಬರಲು ಹೆಚ್ಚು ದಿನ ಕೇಳಬಹುದು, ಅಥವಾ ಯಂತ್ರವನ್ನು ನೀವೇ ತಂದುಕೊಡಿ ಎನ್ನಬಹುದು. ಅದಕ್ಕಾಗಿ ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಸಾರವಾಡದ ಪಿನ್‌ಕೋಡ್ ಹೇಳಿ, ಈ ಮಾದರಿಗೆ ಈ ಊರಲ್ಲಿ ಆನ್‌ಸೈಟ್ ಇದೆಯೇ, ಎಷ್ಟು ದಿನಕ್ಕೆ ಎಂದು ಕೇಳಬೇಕು. ಉತ್ತರವನ್ನು ಇಮೇಲ್‌ನಲ್ಲಿ ಪಡೆಯುವುದು ಒಳ್ಳೆಯದು. ಹಳ್ಳಿಗೆ ಆನ್‌ಸೈಟ್ ಇಲ್ಲವೆಂದಾದರೆ ಕಂಪನಿ ಪೀಸಿನ ಅರ್ಧ ಬೆಲೆ ಅಲ್ಲೇ ಕಳೆಯಿತು. ಅಂಥ ಸಂದರ್ಭದಲ್ಲಿ ವಿಜಯಪುರದ ನಂಬಿಗಸ್ತ ಅಂಗಡಿಯಲ್ಲಿ ಜೋಡಿಸಿದ್ದನ್ನೇ ಕೊಳ್ಳುವುದು ಮೇಲು.

ವಾರಂಟಿಯ ಇನ್ನೊಂದು ಬದಿ ಕಾನೂನು. ವ್ಯಾಪಾರಕ್ಕೆ ಕೊಂಡದ್ದಕ್ಕೆ ಗ್ರಾಹಕ ಆಯೋಗದಲ್ಲಿ ದೂರು ಹಾಕಲಾಗದು ಎಂದು ಅಂಗಡಿಯವರು ಹೆದರಿಸುವುದುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ಬಳಸುವವನನ್ನು ಅದು ಗ್ರಾಹಕ ಎಂದೇ ಎಣಿಸುತ್ತದೆ. ಯಂತ್ರವನ್ನು ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ವಿಜಯಪುರದಲ್ಲೇ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇದಕ್ಕೆಲ್ಲ ಬಿಲ್ ಬೇಕು. ಜೋಡಿಸಿದ ಯಂತ್ರಕ್ಕೆ ‘ಕಂಪ್ಯೂಟರ್ ಒಂದು’ ಎಂದು ಬರೆದ ಚೀಟಿ ಪ್ರಯೋಜನವಿಲ್ಲ. ಪ್ರತಿ ಭಾಗದ ಹೆಸರು, ಮಾದರಿ, ಸೀರಿಯಲ್ ಸಂಖ್ಯೆ ಇರುವ ಜಿಎಸ್‌ಟಿ ಬಿಲ್ಲೇ ಬೇಕು. ಪ್ರತಿ ಪೆಟ್ಟಿಗೆಯ ಮೇಲೆ ಭಾರತದ ಆಮದುದಾರರ ಚೀಟಿ ಇದೆಯೇ ನೋಡಬೇಕು. ಇಲ್ಲದಿದ್ದರೆ ಅದು ಹಿಂಬಾಗಿಲಿನಿಂದ ಬಂದ ಮಾಲು ಇರಬಹುದು, ಅದಕ್ಕೆ ಇಲ್ಲಿ ವಾರಂಟಿ ಸಿಗುವುದಿಲ್ಲ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಕೊಡುವ ‘ಟ್ರೇ’ ಪ್ರೊಸೆಸರಿಗೂ ತಯಾರಕರ 3 ವರ್ಷ ಸಲ್ಲುವುದಿಲ್ಲ.

ಇಲ್ಲಿಯವರೆಗೆ ತಕ್ಕಡಿ ಕಂಪನಿ ಪೀಸಿನ ಕಡೆಗೇ ವಾಲಿದೆ. ನಾಲ್ಕನೆಯ ವರ್ಷಕ್ಕೆ ಬಂದಾಗ ಅದು ತಿರುಗುತ್ತದೆ. ಕಂಪನಿಗಳು ತಮ್ಮ ಡೆಸ್ಕ್‌ಟಾಪ್‌ಗಳಲ್ಲಿ ತಮ್ಮದೇ ಅಳತೆಯ ಎಸ್‌ಎಂಪಿಎಸ್, ತಮ್ಮದೇ ಆಕಾರದ ಬೋರ್ಡ್ ಹಾಕುತ್ತವೆ. ಪೇಟೆಯ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 24 ಪಿನ್ನಿನ ದೊಡ್ಡ ಕೊಂಡಿ ಬರುತ್ತದೆ, ಇವುಗಳಲ್ಲಿ ಹೆಚ್ಚಿನವಕ್ಕೆ ಅದರ ಬದಲು ಚಿಕ್ಕದಾದ ಬೇರೆಯೇ ಕೊಂಡಿ. ವಾರಂಟಿ ಮುಗಿದ ಮೇಲೆ ಸಿಡಿಲಿಗೋ ವೋಲ್ಟೇಜ್ ಏರಿಳಿತಕ್ಕೋ ಎಸ್‌ಎಂಪಿಎಸ್ ಸುಟ್ಟರೆ ವಿಜಯಪುರದ ಅಂಗಡಿಯ ಕಪಾಟಿನಲ್ಲಿರುವುದು ಅದಕ್ಕೆ ಕೂರುವುದಿಲ್ಲ. ಅದೇ ಮಾದರಿಯ ಹಳೆಯದನ್ನು ಆನ್‌ಲೈನ್‌ನಲ್ಲಿ ಹುಡುಕಿ ತರಿಸಬೇಕು. ಬೋರ್ಡೇ ಹೋದರೆ ಅದರ ಬೆಲೆ ಯಂತ್ರದ ಉಳಿದ ಬೆಲೆಗಿಂತ ಹೆಚ್ಚಾಗಬಹುದು. ಜೋಡಿಸಿದ ಯಂತ್ರವಾದರೆ ಬೆಳಿಗ್ಗೆ ಹೋದವನು ಅದೇ ದಿನ ಸಂಜೆ ಬಸ್ಸಿಗೆ ಹೊಸ ಎಸ್‌ಎಂಪಿಎಸ್ ಹಾಕಿಸಿಕೊಂಡು ವಾಪಸಾಗುತ್ತಾನೆ. ನನ್ನ ಅಭಿಪ್ರಾಯ ಇದು: ಮೊದಲ ಮೂರು ವರ್ಷ ಕಂಪನಿಯದು, ಆಮೇಲಿನ ನಾಲ್ಕೈದು ವರ್ಷ ಜೋಡಿಸಿದ್ದರದು. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಮೊದಲು ತೀರ್ಮಾನಿಸಿದರೆ ಅರ್ಧ ಪ್ರಶ್ನೆ ಬಗೆಹರಿಯುತ್ತದೆ.

ಕರೆಂಟಿನ ವಿಷಯ ನಮ್ಮ ಕಡೆ ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ಎರಡೂ ಬಗೆಯ ಯಂತ್ರಗಳನ್ನು ಅದು ಸಮನಾಗಿ ಕೊಲ್ಲುತ್ತದೆ. ಎಸ್‌ಎಂಪಿಎಸ್‌ನ ಚೀಟಿಯಲ್ಲಿ ‘ಇನ್‌ಪುಟ್’ ಎಂಬ ಸಾಲು ಓದಿ. 200–240 ವೋಲ್ಟ್ ಎಂದಿದ್ದರೆ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದಾಗ ಅದು ತಡವರಿಸುತ್ತದೆ, 100–240 ಎಂದಿದ್ದರೆ ತಾಳಿಕೊಳ್ಳುತ್ತದೆ. ಜೋಡಿಸುವಾಗ ಇದನ್ನು ಆರಿಸಿಕೊಳ್ಳಬಹುದು, ಕಂಪನಿ ಪೀಸಿನಲ್ಲಿ ಇದ್ದದ್ದನ್ನು ಒಪ್ಪಿಕೊಳ್ಳಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಮೀಟರಿನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದರೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಮೊದಲು ಅರ್ಥಿಂಗ್ ಮಾಡಿಸಿ, ಆಮೇಲೆ ಕಂಪ್ಯೂಟರ್ ತನ್ನಿ. ಸುಟ್ಟ ಗುರುತಿರುವ ಬೋರ್ಡಿಗೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ. 600 ವಿಎ ಯುಪಿಎಸ್ ಒಂದು ಡೆಸ್ಕ್‌ಟಾಪ್ ಮತ್ತು ಮಾನಿಟರಿಗೆ ಸಾಕು, ಆದರೆ ಲೇಸರ್ ಪ್ರಿಂಟರನ್ನೂ ಝೆರಾಕ್ಸ್ ಯಂತ್ರವನ್ನೂ ಅದಕ್ಕೆ ಹಚ್ಚಬಾರದು. ಕಾಗದ ಬಿಸಿ ಮಾಡುವ ಹೊತ್ತಿಗೆ ಅವು ಸಾವಿರ ವ್ಯಾಟಿನಷ್ಟು ಎಳೆಯುತ್ತವೆ.

ಬಿಸಿಲೂ ಅಷ್ಟೇ. ಹೆಚ್ಚಿನ ಕಂಪನಿ ಡೆಸ್ಕ್‌ಟಾಪ್‌ಗಳ ವಿವರಪಟ್ಟಿಯಲ್ಲಿ ಕೆಲಸ ಮಾಡುವ ಉಷ್ಣತೆ 35 ಡಿಗ್ರಿಯವರೆಗೆ ಎಂದಿರುತ್ತದೆ. ವಿಜಯಪುರದ ಏಪ್ರಿಲ್ ಮೇ ತಿಂಗಳಲ್ಲಿ ಪತ್ರಾಸಿನ ಅಂಗಡಿಯೊಳಗೆ ನಲವತ್ತು ದಾಟುತ್ತದೆ. ಅಲ್ಲಿ ಪುಸ್ತಕದಷ್ಟು ಚಿಕ್ಕ ಡಬ್ಬಿಗಳು ಬೇಡ, ಟವರ್ ಕ್ಯಾಬಿನೆಟ್ಟೇ ಇರಲಿ.

ಸ್ವಂತ ಕೈಯಿಂದ ಜೋಡಿಸುವ ಶ್ರಮ ಜನ ಹೆದರುವಷ್ಟಿಲ್ಲ. ಮೊದಲ ಸಲದವರಿಗೆ ಅರ್ಧ ದಿನದ ಕೆಲಸ. ತೊಂದರೆ ಬರುವ ಜಾಗಗಳು ಬೇರೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಪ್ರೊಸೆಸರ್ ಅಗ್ಗವೆಂದು ತಂದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಇಲ್ಲದೆ ಪರದೆ ಬೆಳಗುವುದೇ ಇಲ್ಲ. ಬಹಳ ದಿನ ಕಪಾಟಿನಲ್ಲಿದ್ದ ಬೋರ್ಡಿನ ಬಯಾಸ್ ಹಳೆಯದಾಗಿದ್ದರೆ ಹೊಸ ಪ್ರೊಸೆಸರನ್ನು ಅದು ಗುರುತಿಸುವುದಿಲ್ಲ. ಆಗಲೂ ಫ್ಯಾನ್ ತಿರುಗುತ್ತದೆ, ಚಿತ್ರ ಬಾರದು, ಮತ್ತು ಹೊಸಬನಿಗೆ ಪ್ರೊಸೆಸರೇ ಕೆಟ್ಟಿದೆ ಎನಿಸುತ್ತದೆ. ಪ್ರೊಸೆಸರಿನ ಪಕ್ಕದ 8 ಪಿನ್ನಿನ ತಂತಿ ಹಚ್ಚಲು ಮರೆತರೂ ಇದೇ ಲಕ್ಷಣ. ಆದ್ದರಿಂದ ಸಾರವಾಡದಿಂದ ಕೊಳ್ಳುವವನಿಗೆ ಒಂದು ನಡುದಾರಿ ಹೆಚ್ಚು ಒಪ್ಪುತ್ತದೆ: ಭಾಗಗಳನ್ನು ತಾನೇ ಆರಿಸಿ, ವಿಜಯಪುರದ ಅಂಗಡಿಯಲ್ಲಿ ಎದುರಿಗೇ ಕೂತು ಜೋಡಿಸಿಕೊಂಡು, ಅಲ್ಲೇ ಮೆಮ್‌ಟೆಸ್ಟ್ ಓಡಿಸಿ ರ್‍ಯಾಮ್ ಪರೀಕ್ಷಿಸಿ ತರುವುದು. ಮೆಮ್‌ಟೆಸ್ಟ್‌ನಲ್ಲಿ ಒಂದೇ ಒಂದು ದೋಷ ಕೆಂಪಾಗಿ ಕಂಡರೂ ಆ ರ್‍ಯಾಮ್ ಬೇಡ.

ಮುಂದೆ ಹೆಚ್ಚಿಸಿಕೊಳ್ಳುವ ಅವಕಾಶದ ಬಗ್ಗೆ ಅತಿಯಾದ ಮಾತು ಕೇಳಿಬರುತ್ತದೆ. ಆನ್‌ಲೈನ್ ಸೇವೆಯ ಅಂಗಡಿಯಲ್ಲಿ ಆರೇಳು ವರ್ಷದಲ್ಲಿ ಆಗುವ ಬದಲಾವಣೆ ಎರಡೇ, ರ್‍ಯಾಮ್ ಮತ್ತು ಎಸ್‌ಎಸ್‌ಡಿ. ಇವೆರಡೂ ಕಂಪನಿಯ ಟವರ್‌ಗಳಲ್ಲೂ ಸಾಧ್ಯ. ಹೊರಗಿನ ರ್‍ಯಾಮ್ ಹಾಕಿದರೆ ಆ ರ್‍ಯಾಮ್‌ಗೆ ಕಂಪನಿಯ ವಾರಂಟಿ ಸಿಗುವುದಿಲ್ಲ ಅಷ್ಟೇ. ಎರಡನೆಯ ಸ್ಲಾಟ್ ಖಾಲಿಯಿದೆಯೇ ಎಂದು ಕೇಳಿಕೊಂಡರೆ ಸಾಕು.

ಲೆಕ್ಕ ಪೂರ್ತಿ ಬದಲಾಗುವುದು ಆ ತರುಣ ಮದುವೆಯ ವಿಡಿಯೋ ಎಡಿಟಿಂಗ್‌ಗೆ ಇಳಿದರೆ. ಆಗ ಗ್ರಾಫಿಕ್ಸ್ ಕಾರ್ಡ್ ಬೇಕು, ಎರಡು ಮೂರು ಡಿಸ್ಕ್ ಬೇಕು. ಕಚೇರಿ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಹೆಚ್ಚಾಗಿ 180ರಿಂದ 260 ವ್ಯಾಟಿನದು, ಕಾರ್ಡಿಗೆ ಬೇರೆ ತಂತಿ ಅದರಲ್ಲಿರುವುದಿಲ್ಲ. ಬೋರ್ಡಿನ ಸ್ಲಾಟ್ ಒಂದರಿಂದಲೇ ಸಿಗುವುದು ಗರಿಷ್ಠ 75 ವ್ಯಾಟ್. ಅಷ್ಟರಲ್ಲಿ ಓಡುವ ಚಿಕ್ಕ ಕಾರ್ಡುಗಳಿಗೆ ಮಾತ್ರ ಅಲ್ಲಿ ಜಾಗ. ಇಂಥ ಕೆಲಸಕ್ಕೆ ಜೋಡಿಸುವುದೇ ಸರಿ: ಆರಂಭದಲ್ಲೇ 550 ಅಥವಾ 650 ವ್ಯಾಟಿನ, 5 ವರ್ಷ ವಾರಂಟಿಯ ಎಸ್‌ಎಂಪಿಎಸ್, ನಾಲ್ಕು ರ್‍ಯಾಮ್ ಸ್ಲಾಟಿನ ಬೋರ್ಡ್. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂದದ್ದು, 2027ರವರೆಗಾದರೂ ಅದಕ್ಕೆ ಹೊಸ ಪ್ರೊಸೆಸರ್ ಕೊಡುತ್ತೇವೆಂದು ಕಂಪನಿ ಹೇಳಿದೆ. ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಆಸೆಯಿದ್ದರೆ ಆರಿಸಬೇಕಾದದ್ದು ಅದನ್ನು.

ಕೈಯಲ್ಲಿ ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಇರುವವರು ಬ್ಯಾಂಕು, ಐಟಿ ಕಚೇರಿಗಳಿಂದ ಹೊರಬಿದ್ದ ಹಳೆಯ ಕಂಪನಿ ಡೆಸ್ಕ್‌ಟಾಪ್ ನೋಡುತ್ತಾರೆ. ಅದೂ ಕೆಟ್ಟ ಆಯ್ಕೆಯಲ್ಲ, ಆದರೆ ಒಂದು ಗೆರೆ ದಾಟಿರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಟಿಪಿಎಂ 2.0 ಬೇಕು, ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಪ್ರೊಸೆಸರಿನ ಹೆಸರಿನಲ್ಲಿ ಅಡ್ಡಗೆರೆಯ ನಂತರದ ಅಂಕಿ ಅದನ್ನು ಹೇಳುತ್ತದೆ: i5-6500 ಎಂದರೆ 6ನೇ ತಲೆಮಾರು, ಎಷ್ಟೇ ಅಗ್ಗವಾದರೂ ಬಿಡಿ. i5-8500 ಎಂದರೆ 8ನೆಯದು, ಅದಕ್ಕೆ ಹೊಸ ಎಸ್‌ಎಸ್‌ಡಿ ಹಾಕಿಸಿ ತನ್ನಿ.